ಮಕ್ಕಳ ಬೇಸಿಗೆ ಶಿಬಿರದ ಕರಪತ್ರ: ಒಂದು ಅಭ್ಯಾಸ

ಕರಪತ್ರವೆಂದರೆ ಅರ್ಧ ಹಾಳೆಯ ಬರಹ. ಅದನ್ನು ಕುರಿತು ಅಭ್ಯಾಸ ಮಾಡುವುದೇನಿದೆಯೆಂದು ವಾಚಕಮಿತ್ರರು ಕೇಳಬಹುದು. ಹೋದ ವರ್ಷದವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿದ್ದಿತು. ಐಚ್ಛಿಕ ಕನ್ನಡದ ವಿದ್ಯಾರ್ಥಿಯಾದ ನನಗೆ ಅರ್ಧ ಹಾಳೆ ಬರೆಯುವುದು ಎಡಗೈ ಕೆಲಸವೆಂದೇ ತಿಳಿದಿದ್ದೆ. 2025ರ ಏಪ್ರಿಲ್ ತಿಂಗಳಲ್ಲಿ ಚುಂಚನಕಟ್ಟೆಯಲ್ಲಿ ನಾವು ಕೆಲವು ಗೆಳೆಯರು ಸೇರಿ ಮಕ್ಕಳಿಗಾಗಿ ಹತ್ತು ದಿನಗಳ ಬೇಸಿಗೆ ಶಿಬಿರವನ್ನು ನಡೆಸಿದೆವು. ಅದರ ಕರಪತ್ರ ಬರೆಯುವ ಭಾರ ನನ್ನ ಮೇಲೆ ಬಿತ್ತು. ಎರಡು ಸಲ ಬರೆದೆ. ಮೊದಲ ಸಲ ಸೋತೆ. ಎರಡನೆಯ ಸಲ ಬಹುಮಟ್ಟಿಗೆ ಗೆದ್ದೆ. ಆದರೂ ಒಂದು ಸಾಲನ್ನು ಬಿಟ್ಟುಬಿಟ್ಟೆ. ಈ ಮೂರನ್ನೂ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚುಂಚನಕಟ್ಟೆ ಕೃಷ್ಣರಾಜನಗರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿರುವ ಊರು. ಅಲ್ಲಿ ಕಾವೇರಿಯು ಬಂಡೆಗಳ ನಡುವೆ ಸುಮಾರು 60 ಅಡಿ ಕೆಳಗೆ ಧುಮುಕುತ್ತಾಳೆ. ಆ ಜಲಪಾತಕ್ಕೆ ಧನುಷ್ಕೋಟಿಯೆಂದು ಹೆಸರು. ದಡದ ಮೇಲೆ ಕೋದಂಡರಾಮನ ದೇವಾಲಯವಿದೆ. ಸಂಕ್ರಾಂತಿಯ ವೇಳೆಗೆ ಕೂಡುವ ದನಗಳ ಜಾತ್ರೆಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯಿಂದಲೂ ರೈತರು ಬರುವುದುಂಟು. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳಿಗೆ ರಜೆ ಬಂದರೆ ಮೇ ತಿಂಗಳ ಕೊನೆಯವರೆಗೆ ಸುತ್ತಲ ಹಳ್ಳಿಗಳ ಮಕ್ಕಳು ದನ ಕಾಯುತ್ತಲೋ ಮೊಬೈಲು ನೋಡುತ್ತಲೋ ಕಾಲ ಕಳೆಯುತ್ತಾರೆ. ಅವರಿಗೆ ಚಿತ್ರ, ನಾಟಕ, ಹಕ್ಕಿ ಮರಗಳ ಪರಿಚಯ, ಈ ಮೂರನ್ನೂ ಕೊಡುವುದು ನಮ್ಮ ಶಿಬಿರದ ಉದ್ದೇಶವಾಗಿದ್ದಿತು.

ಮೊದಲ ಕರಪತ್ರ

ನಾನು ಬರೆದ ಮೊದಲ ಕರಪತ್ರದ ಮುಖ್ಯ ಭಾಗವನ್ನು, ನಾಚಿಕೆಯಾದರೂ, ಇಲ್ಲಿ ಕೊಡುತ್ತೇನೆ.

“ಚಿಣ್ಣರ ಸುಪ್ತ ಪ್ರತಿಭೆಯ ಅನಾವರಣಕ್ಕೊಂದು ಸುವರ್ಣಾವಕಾಶ! ಧನುಷ್ಕೋಟಿ ಜಲಪಾತದ ಮಡಿಲಲ್ಲಿ ನಿಸರ್ಗದೊಡನೆ ನಲಿಯೋಣ ಬನ್ನಿ! ನುರಿತ ಸಂಪನ್ಮೂಲ ವ್ಯಕ್ತಿಗಳಿಂದ ಚಿತ್ರಕಲೆ, ರಂಗಕಲೆ ಹಾಗೂ ಪ್ರಕೃತಿ ನಡಿಗೆ. ಸೀಮಿತ ಪ್ರವೇಶ. ಆಸಕ್ತರು ಕೂಡಲೇ ಸಂಪರ್ಕಿಸಿ.”

ಇದರ ಕೆಳಗೆ ದಿನಾಂಕ, ಸ್ಥಳ, ನನ್ನ ದೂರವಾಣಿ ಸಂಖ್ಯೆ ಇದ್ದವು. ಇನ್ನೂರು ಪ್ರತಿಗಳನ್ನು ಮಾಡಿಸಿ ಸುತ್ತಲ ಆರು ಹಳ್ಳಿಗಳಲ್ಲಿ ಹಂಚಿದೆವು. ಒಂದು ವಾರ ಕಳೆಯಿತು. ಹೆಸರು ಕೊಟ್ಟವರು ಏಳೇ ಮಕ್ಕಳು. ಅವರಲ್ಲಿ ಐವರು ನಮ್ಮ ಗೆಳೆಯರ ತಮ್ಮ ತಂಗಿಯರು.

ಕಾರಣವೇನೆಂದು ತಿಳಿಯದೆ ಒಂದು ಸಂಜೆ ಮನೆಯಲ್ಲಿ ಕುಳಿತಿದ್ದೆ. ನಮ್ಮ ಅವ್ವನಿಗೆ ಓದು ಬರುವುದಿಲ್ಲ. ಐದನೆಯ ತರಗತಿಯಲ್ಲಿರುವ ನನ್ನ ತಂಗಿಯು ಕರಪತ್ರವನ್ನು ಅವಳಿಗೆ ಓದಿ ಹೇಳಿದಳು. “ಅನಾವರಣ” ಎಂಬಲ್ಲಿ ಒಂದು ಸಲ ತಡವರಿಸಿದಳು. “ಸಂಪನ್ಮೂಲ” ಎಂಬಲ್ಲಿ ನಿಂತೇಬಿಟ್ಟಳು. ಅವ್ವ ಕೊನೆಯವರೆಗೆ ಕೇಳಿ, “ಹರಿಕತೆ ಕೇಳ್ದಂಗದೆ ಕಣ್ಲಾ ಮಗ. ಆದ್ರೆ ನಮ್ಮಂತೋರ ಐಕ್ಳೂ ಬರ್ಬೋದು ಅಂತ ಇದ್ರಲ್ಲಿ ಎಲ್ ಬರ್ದಿದ್ದೀಯೆ?” ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಕಾಲೇಜಿನಲ್ಲಿ ಕನ್ನಡವನ್ನು ಓದಿ, ನನ್ನ ತಾಯಿಗೇ ಬಾಗಿಲು ಮುಚ್ಚುವ ಕನ್ನಡವನ್ನು ನಾನು ಬರೆದಿದ್ದೆ. ಮರುದಿನದಿಂದ ಕರಪತ್ರ ಪಡೆದ ಮನೆಗಳಿಗೆ ಹೋಗಿ, ಜನ ಅದರಿಂದ ಏನು ತಿಳಿದುಕೊಂಡರೆಂದು ಕೇಳತೊಡಗಿದೆ.

ಓದುವವರು ಯಾರು?

ಮೊದಲು ತಿಳಿದುಬಂದ ಸಂಗತಿ ಇದು: ನಮ್ಮ ಕಡೆ ಮಕ್ಕಳ ಶಿಬಿರದ ಕರಪತ್ರವನ್ನು ಅನೇಕ ಮನೆಗಳಲ್ಲಿ ತಂದೆತಾಯಿಗಳು ಓದುವುದಿಲ್ಲ, ಮಗುವು ಓದಿ ಅವರಿಗೆ ಹೇಳುತ್ತದೆ. ಹೋಗಬೇಕೆಂದು ಆಸೆಪಡುವುದು ಮಗು. ಕಳುಹಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಹಿರಿಯರು. ಆದುದರಿಂದ ಕರಪತ್ರವು ಮಗುವಿನ ಬಾಯಿಗೆ ಒಗ್ಗಬೇಕು, ಹಿರಿಯರ ಕಿವಿಗೆ ನಿಲುಕಬೇಕು. ಅದು ಕಣ್ಣಿಗಾಗಿ ಬರೆದ ಬರಹವೇ ಅಲ್ಲ. ನಾಲ್ಕು ಮಾತಿನ ಸಮಾಸವನ್ನು ಮಗುವು ಒಡೆದು ಓದಿದಾಗ ಅರ್ಥವೂ ಒಡೆದುಹೋಗುತ್ತದೆ.

ನಾನು ಇನ್ನೊಂದು ತಪ್ಪನ್ನೂ ಮಾಡಿದ್ದೆ. ನನ್ನ ಕಣ್ಣ ಮುಂದೆ ಇದ್ದುದು ಮೈಸೂರಿನ ರಂಗಾಯಣದ ಮಾದರಿ. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಪ್ರಾರಂಭವಾದ ಆ ಸಂಸ್ಥೆಯು ಬೇಸಿಗೆಯಲ್ಲಿ ಮಕ್ಕಳಿಗಾಗಿ ‘ಚಿಣ್ಣರ ಮೇಳ’ವನ್ನು ನಡೆಸುತ್ತ ಬಂದಿದೆ. ಹಾಡು, ಆಟ, ಚಿತ್ರ, ಮುಖವಾಡಗಳೆಲ್ಲ ಸೇರಿ ಕೊನೆಗೆ ಮಕ್ಕಳೇ ನಾಟಕವಾಡುತ್ತಾರೆ. ಮೈಸೂರಿನ ತಂದೆತಾಯಿಗಳಿಗೆ ಅದು ಹಳೆಯ ಪರಿಚಯ. ರಂಗಾಯಣವೆಂಬ ಹೆಸರನ್ನೂ ದಿನಾಂಕವನ್ನೂ ಕಂಡರೆ ಸಾಕು, ಉಳಿದುದನ್ನು ಅವರೇ ಬಲ್ಲರು. ನಮ್ಮದು ಯಾರೂ ಕೇಳರಿಯದ ಗೆಳೆಯರ ಗುಂಪು. ಹೆಸರುವಾಸಿಯಾದ ಸಂಸ್ಥೆಗೆ ಅದರ ಹೆಸರೇ ತಂದುಕೊಡುವ ನಂಬಿಕೆಯನ್ನು ಹೆಸರಿಲ್ಲದವರು ವಿವರಗಳಿಂದಲೇ ಗಳಿಸಬೇಕು. ನಾನು ವಿವರಗಳಿರಬೇಕಾದ ಜಾಗದಲ್ಲಿ ವಿಶೇಷಣಗಳನ್ನು ತುಂಬಿದ್ದೆ.

ಮೂರು ಮಾತುಗಳು ಮಾಡಿದ ಕೇಡು

ಮನೆ ಮನೆಗೆ ಹೋದಾಗ, ನನ್ನ ಕರಪತ್ರದ ಮೂರು ಮಾತುಗಳು ಅರ್ಥವಾಗದೆ ಉಳಿದಿದ್ದವೆಂದಲ್ಲ, ಬೇರೆಯೇ ಅರ್ಥವನ್ನು ಕೊಟ್ಟಿದ್ದವೆಂದು ತಿಳಿಯಿತು. ಇದು ಇನ್ನೂ ಕೆಟ್ಟದ್ದು. ಅರ್ಥವಾಗದ ಮಾತನ್ನು ಜನ ಕೇಳಿ ತಿಳಿಯಬಹುದು. ತಪ್ಪಾಗಿ ಅರ್ಥವಾದ ಮಾತನ್ನು ಯಾರೂ ಕೇಳಲು ಬರುವುದಿಲ್ಲ.

ಮೊದಲನೆಯದು “ರಂಗಕಲೆ”. ನಮ್ಮ ಹಳ್ಳಿಗಳಲ್ಲಿ ನಾಟಕವೆಂದರೆ ಊರ ಗಂಡಸರು ಕೂಡಿ ಆಡುವ ಕುರುಕ್ಷೇತ್ರದಂಥ ಪೌರಾಣಿಕ ನಾಟಕ. ಹಾರ್ಮೋನಿಯಂ ನುಡಿಸುವ ನಾಟಕದ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಬೇಕು. ಸೀನರಿಯನ್ನೂ ಕಿರೀಟ, ಭುಜಕೀರ್ತಿಗಳನ್ನೂ ಬಾಡಿಗೆಗೆ ತರಬೇಕು. ಪಾತ್ರಧಾರಿಗಳೇ ತಮ್ಮ ಪಾತ್ರಕ್ಕೆ ಹಣ ಹಾಕಬೇಕು. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ದ್ವಾರಪಾಲಕನ ಪಾತ್ರಕ್ಕೆ ಕಡಮೆ. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದುದರಿಂದ ನಾಟಕ ಕಲಿಸುತ್ತಾರೆಂದೊಡನೆ ತಂದೆಗೆ ಮೊದಲು ಹೊಳೆಯುವುದು ಖರ್ಚು. ಒಬ್ಬ ರೈತರು, “ಹುಡುಗನ ಏಸಕ್ಕೆ ಎಷ್ಟಾಗುತ್ತಪ್ಪ?” ಎಂದು ನನ್ನನ್ನು ನೇರವಾಗಿಯೇ ಕೇಳಿದರು. ಮಕ್ಕಳ ನಾಟಕಕ್ಕೆ ಹಳೆಯ ಸೀರೆ, ಬಣ್ಣದ ಕಾಗದ, ವೃತ್ತಪತ್ರಿಕೆಯ ಚೂರು ಮತ್ತು ಮೈದಾ ಅಂಟಿನಿಂದ ಮಾಡಿದ ಮುಖವಾಡ ಇಷ್ಟೇ ಸಾಕೆಂಬುದು ನಮಗೆ ಗೊತ್ತಿತ್ತು, ಕರಪತ್ರಕ್ಕೆ ಗೊತ್ತಿರಲಿಲ್ಲ.

ಎರಡನೆಯದು “ಪ್ರಕೃತಿ ನಡಿಗೆ”. ಪೇಟೆಯವರಿಗೆ ಇದು ಆಕರ್ಷಣೆ. ಆದರೆ ದಿನಕ್ಕೆರಡು ಸಲ ಹೊಲಕ್ಕೆ ನಡೆಯುವ ಮಗುವಿಗೆ ನಡಿಗೆಯೆಂದರೆ ಕೆಲಸ. “ದನ ಹೊಡ್ಕೊಂಡ್ ನಡಿಯೋದ್ ಸಾಲ್ದಾ?” ಎಂದು ಒಬ್ಬಾಕೆ ನಕ್ಕಳು. ನಮ್ಮ ನಡಿಗೆಯಲ್ಲಿ ಹೊಸದಾಗಿ ಇದ್ದುದೇನು? ನಾಲೆಯ ಏರಿಯ ಮೇಲೆ ಮಿಂಚುಳ್ಳಿ ಎಲ್ಲಿ ಕೂರುತ್ತದೆ, ನೀರುಕಾಗೆ ರೆಕ್ಕೆ ಬಿಚ್ಚಿ ಏಕೆ ಒಣಗಿಸಿಕೊಳ್ಳುತ್ತದೆ, ಹೊಳೆಮತ್ತಿಯ ತೊಗಟೆಗೂ ಹುಣಸೆಯ ತೊಗಟೆಗೂ ಇರುವ ವ್ಯತ್ಯಾಸವೇನು ಎಂಬುದನ್ನು ನೋಡುವುದು. ಬಿದ್ದ ಎಲೆಗಳನ್ನು ಆಯ್ದು ತಂದು, ಅದೇ ಎಲೆಗೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿ ಅಚ್ಚು ತೆಗೆಯುವುದು. ಇದನ್ನೇ ಬರೆಯಬೇಕಾಗಿತ್ತು. ನಾಮಪದವನ್ನು ಬಿಟ್ಟು ಕ್ರಿಯಾಪದವನ್ನು ಹಿಡಿಯಬೇಕಾಗಿತ್ತು. “ಚಿತ್ರಕಲೆ” ಎಂಬುದು ಪಾಠದ ಹೆಸರು. “ಜೇಡಿಮಣ್ಣಿನಲ್ಲಿ ಎತ್ತು ಮಾಡೋಣ” ಎಂಬುದು ಮಗುವು ಮಾಡಬಹುದಾದ ಕೆಲಸ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿದ್ದು, “ಧನುಷ್ಕೋಟಿ ಜಲಪಾತದ ಮಡಿಲಲ್ಲಿ ನಲಿಯೋಣ” ಎಂಬ ವಾಕ್ಯ. ಇದನ್ನು ಬರೆದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಆದರೆ ಹೊಳೆಯ ದಡದ ತಾಯಂದಿರಿಗೆ ಜಲಪಾತವು ಕಾವ್ಯವಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳು ಮೇಲೆದ್ದು ಕಾಣುತ್ತವೆ. ಮಕ್ಕಳಿಗೆ ಧೈರ್ಯ ಬರುತ್ತದೆ. ಆದರೆ ಬಂಡೆಗಳ ಮೇಲೆ ಪಾಚಿಯಿರುತ್ತದೆ. ಬಂಡೆಗಳ ನಡುವಿನ ಮಡುವುಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ನೀರು ಕಡಮೆಯಿರುವ ಕಾಲವೇ ನೀರಿಗಿಳಿಯುವ ಆಸೆ ಹುಟ್ಟುವ ಕಾಲ. “ಹೊಳೆತಾವ್ಕೆ ಕರ್ಕೊಂಡೋಯ್ತೀರಾ? ನಮ್ಮೈದ ಬರಾಕಿಲ್ಲ ಬುಡಿ” ಎಂದು ಒಬ್ಬ ತಾಯಿ ಬಾಗಿಲಲ್ಲಿಯೇ ಹೇಳಿದರು. ನಿಜವಾಗಿ ನಾವು ಮಕ್ಕಳನ್ನು ನೀರಿಗೆ ಇಳಿಸುವವರೇ ಆಗಿರಲಿಲ್ಲ. ಆದರೆ ಕರಪತ್ರವು ಅದಕ್ಕೆ ವಿರುದ್ಧವಾದುದನ್ನೇ ಹೇಳಿತ್ತು.

ಬರೆಯುವ ಮೊದಲು ತೀರ್ಮಾನಿಸಬೇಕಾದದ್ದು

ಎರಡನೆಯ ಕರಪತ್ರವನ್ನು ಬರೆಯಲು ಕುಳಿತಾಗ ಒಂದು ವಿಚಿತ್ರ ಅನುಭವವಾಯಿತು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ನಮ್ಮಲ್ಲೇ ಉತ್ತರವಿರಲಿಲ್ಲ. ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು? ನಡಿಗೆಯ ದಾರಿ ಯಾವುದು? ಮಳೆ ಬಂದರೆ? ಮೊದಲ ಕರಪತ್ರದ ಅಲಂಕಾರವು ಇವನ್ನೆಲ್ಲ ಮುಚ್ಚಿಟ್ಟಿತ್ತು. ಬರಹ ಮಸುಕಾಗಿದ್ದರೆ ಬಹುಶಃ ಯೋಜನೆಯೂ ಮಸುಕಾಗಿದೆಯೆಂದು ತಿಳಿಯಬೇಕು. ಆದುದರಿಂದ ಮೊದಲು ಕೂತು ತೀರ್ಮಾನಿಸಿದೆವು.

ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ದೊಡ್ಡವರಲ್ಲಿ ಇಬ್ಬರಾದರೂ ಹೆಂಗಸರು. ದೊರೆತವರು ನಾಲ್ವರಾದುದರಿಂದ ನಲವತ್ತು ಮಕ್ಕಳಿಗೆ ಮಾತ್ರ ಸ್ಥಳ. ನಡಿಗೆಯಲ್ಲಿ ಇಬ್ಬಿಬ್ಬರು ಮಕ್ಕಳು ಜೊತೆ. ಹೊರಡುವಾಗ, ನಡುವೆ, ಹಿಂದಿರುಗಿದಾಗ ಹೀಗೆ ಮೂರು ಸಲ ಎಣಿಕೆ. ದಾರಿ ನಾಲೆಯ ಏರಿ ಮತ್ತು ಹೊಂಗೆಯ ತೋಪು. ಜಲಪಾತವನ್ನು ದೇವಾಲಯದ ಕಡೆಯಿಂದ ದೂರ ನಿಂತು ನೋಡುವುದು. ಬಂಡೆಗೆ ಯಾರೂ ಇಳಿಯುವಂತಿಲ್ಲ.

ವೇಳೆಯನ್ನು ಗೊತ್ತುಮಾಡಿದ್ದು ಆಕಾಶ. ಆ ದಿನಗಳು ಅಶ್ವಿನಿ ಮಳೆ ಮುಗಿದು ಭರಣಿ ಹಿಡಿಯುವ ಕಾಲ. ಬೆಳಿಗ್ಗೆ ಶುಭ್ರವಾಗಿದ್ದ ಆಕಾಶವು ಮೂರು ಗಂಟೆಯ ಮೇಲೆ ಕಪ್ಪಾಗಿ ಗುಡುಗು ಸಿಡಿಲಿನೊಡನೆ ಸುರಿಯುವುದುಂಟು. ಆಗ ಮರದ ಕೆಳಗೆ ಮಕ್ಕಳಿರಬಾರದು. ಹಕ್ಕಿಗಳು ಚುರುಕಾಗಿರುವುದೂ ಮುಂಜಾನೆಯೇ. ಆದುದರಿಂದ ಏಳು ಗಂಟೆಗೆ ನಡಿಗೆ, ಬಿಸಿಲೇರಿದ ಮೇಲೆ ಕೊಠಡಿಯೊಳಗೆ ಬಣ್ಣ ಮತ್ತು ಮಣ್ಣು, ಆಮೇಲೆ ನಾಟಕ, ಒಂದು ಗಂಟೆಗೆ ಊಟ, ಎರಡಕ್ಕೆ ಮನೆ.

ಮುಕ್ತಾಯದ ನಾಟಕಕ್ಕೆ ಊರಿನ ಕಥೆಯನ್ನೇ ಆರಿಸಿದೆವು. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ಇಲ್ಲಿದ್ದರೆಂದೂ ವನವಾಸದಲ್ಲಿ ಬಂದ ರಾಮ, ಸೀತೆ, ಲಕ್ಷ್ಮಣರನ್ನು ಉಪಚರಿಸಿದರೆಂದೂ ಲಕ್ಷ್ಮಣನ ಬಾಣದಿಂದ ಇಲ್ಲಿ ನೀರು ಚಿಮ್ಮಿತೆಂದೂ ಐತಿಹ್ಯವಿದೆ. ಹತ್ತು ದಿನಗಳಲ್ಲಿ ಉದ್ದ ಸಂಭಾಷಣೆಗಳನ್ನು ಬಾಯಿಪಾಠ ಮಾಡಿಸಿದರೆ ಮಕ್ಕಳು ಗಿಣಿಗಳಾಗುತ್ತಾರೆ. ಈ ಕಥೆಯಲ್ಲಿ ಹೊಳೆ, ಮರ, ಹಕ್ಕಿ, ಬಂಡೆಗಳ ಪಾತ್ರವನ್ನು ಗುಂಪುಗಳೇ ಮಾಡಬಹುದು. ಬೆಳಿಗ್ಗೆ ಕಂಡ ನೀರುಕಾಗೆಯೇ ಹನ್ನೊಂದು ಗಂಟೆಗೆ ನಾಟಕದೊಳಗೆ ಬರುತ್ತದೆ. ಎಲ್ಲರಿಗೂ ಪಾತ್ರ ಸಿಗುತ್ತದೆಯಾದುದರಿಂದ ಕರಪತ್ರದಲ್ಲಿ ಹಾಗೆಂದು ಧೈರ್ಯವಾಗಿ ಬರೆಯಬಹುದಾಯಿತು.

ಎರಡನೆಯ ಕರಪತ್ರ

ಇಷ್ಟಾದ ಮೇಲೆ ಬರೆದ ಕರಪತ್ರದ ಪೂರ್ಣ ಪಾಠ ಹೀಗಿದೆ:

“ಚುಂಚನಕಟ್ಟೆಯಲ್ಲಿ ಮಕ್ಕಳ ಬೇಸಿಗೆ ಶಿಬಿರ.
4, 5, 6, 7ನೇ ತರಗತಿ ಮುಗಿಸಿದ ಎಲ್ಲ ಹುಡುಗ ಹುಡುಗಿಯರೂ ಬರಬಹುದು.
ದುಡ್ಡು ಕೊಡಬೇಕಾಗಿಲ್ಲ. ಬಣ್ಣ, ಕಾಗದ, ನಾಟಕದ ವೇಷ ಎಲ್ಲ ನಾವೇ ಕೊಡುತ್ತೇವೆ. ಮಧ್ಯಾಹ್ನ ಊಟ ಉಂಟು.
ಏಪ್ರಿಲ್ 21 ಸೋಮವಾರದಿಂದ 30 ಬುಧವಾರದವರೆಗೆ, ಊರಿನ ಶಾಲೆಯಲ್ಲಿ. ಬೆಳಿಗ್ಗೆ 7 ಗಂಟೆಗೆ ಬನ್ನಿ. ಮಧ್ಯಾಹ್ನ 2 ಗಂಟೆಗೆ ಮನೆಗೆ ಕಳುಹಿಸುತ್ತೇವೆ.
ಏನು ಮಾಡೋಣ? ಹಕ್ಕಿ ನೋಡೋಣ. ಎಲೆಯಿಂದ ಚಿತ್ರ ಒತ್ತೋಣ. ಜೇಡಿಮಣ್ಣಿನಲ್ಲಿ ಎತ್ತು ಮಾಡೋಣ. ಮುಖವಾಡ ಮಾಡೋಣ. ಚುಂಚ ಚುಂಚಿಯ ನಾಟಕ ಆಡೋಣ. ಎಲ್ಲರಿಗೂ ಪಾತ್ರ ಉಂಟು.
ತಂದೆ ತಾಯಿಯರೇ: ಮಕ್ಕಳನ್ನು ಹೊಳೆಗೆ ಇಳಿಸುವುದಿಲ್ಲ. ಬಂಡೆಯ ಮೇಲೆ ಬಿಡುವುದಿಲ್ಲ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಜೊತೆಗಿರುತ್ತಾರೆ. ಇಬ್ಬರು ಹೆಂಗಸರೂ ಇರುತ್ತಾರೆ.
ತರಬೇಕಾದದ್ದು: ನೀರಿನ ಬಾಟಲಿ, ತಲೆಗೆ ಟೋಪಿ ಅಥವಾ ಟವಲು, ಕೊಳೆಯಾದರೂ ಪರವಾಗಿಲ್ಲ ಎನ್ನುವ ಹಳೆಯ ಬಟ್ಟೆ.
40 ಮಕ್ಕಳಿಗೆ ಮಾತ್ರ ಜಾಗ ಇದೆ. ಏಪ್ರಿಲ್ 17 ಗುರುವಾರದೊಳಗೆ ಹೆಸರು ಕೊಡಿ.
30 ಬುಧವಾರ ಬಸವ ಜಯಂತಿ. ಸಂಜೆ 5 ಗಂಟೆಗೆ ಮಕ್ಕಳ ನಾಟಕ. ಮನೆಯವರೆಲ್ಲ ಬನ್ನಿ.”

ಇದರ ಕೆಳಗೆ ಇಬ್ಬರ ಹೆಸರು, ಅವರ ಊರು ಮತ್ತು ದೂರವಾಣಿ ಸಂಖ್ಯೆಗಳಿದ್ದವು. ಒಬ್ಬರೇ ಆದರೆ ಅವರು ಕರೆ ತೆಗೆದುಕೊಳ್ಳದಿದ್ದಾಗ ಕರಪತ್ರವೇ ವ್ಯರ್ಥ. ಇಬ್ಬರಲ್ಲಿ ಒಬ್ಬರು ಶಾಲೆಯ ಮೇಡಂ, ಅದು ತಾಯಂದಿರಿಗಾಗಿ.

ವಾಕ್ಯಗಳ ಕ್ರಮವನ್ನು ಗಮನಿಸಬೇಕು. ಯಾರು ಬರಬಹುದು, ಎಷ್ಟು ದುಡ್ಡು ಎಂಬೆರಡು ಮೊದಲು ಬಂದಿವೆ. ಏಕೆಂದರೆ ‘ಇದು ನಮಗಲ್ಲ’ ಎಂದು ಕೇಳುವವರು ನಿರ್ಧರಿಸುವುದು ಮೊದಲ ಎರಡು ವಾಕ್ಯಗಳೊಳಗೇ. ‘ಉಚಿತ’ ಎನ್ನದೆ ‘ದುಡ್ಡು ಕೊಡಬೇಕಾಗಿಲ್ಲ’ ಎಂದುದೂ ಉದ್ದೇಶಪೂರ್ವಕವೇ. ಉಚಿತವೆಂದ ಮೇಲೂ ಆಮೇಲೆ ಏನಾದರೂ ಕೇಳುತ್ತಾರೆಂಬ ಅನುಮಾನ ಜನರಲ್ಲಿರುತ್ತದೆ. ವೇಷದ ಹೆಸರನ್ನೇ ಹೇಳಿದಾಗ ಅದು ಹೋಗುತ್ತದೆ. ತಾರೀಖಿನೊಡನೆ ವಾರವನ್ನೂ ಹೇಳಿದೆ. ಹಳ್ಳಿಯ ಲೆಕ್ಕ ವಾರದ ಮೇಲೆ, ಹಬ್ಬದ ಮೇಲೆ ನಡೆಯುತ್ತದೆ. ಹೊಳೆಯ ಮಾತನ್ನು ಮಕ್ಕಳ ಭಾಗದಲ್ಲಿ ಬೆರೆಸದೆ ತಂದೆತಾಯಿಗಳ ಭಾಗದಲ್ಲಿ ಪ್ರತ್ಯೇಕವಾಗಿ ಇಟ್ಟೆ.

ಅಚ್ಚಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಎ4 ಹಾಳೆಯಲ್ಲಿ ಎರಡು ಪ್ರತಿ ಬರುವಂತೆ ಜೋಡಿಸಿ ನಡುವೆ ಕತ್ತರಿಸಿದರೆ ನೂರು ಹಾಳೆಗೆ ಇನ್ನೂರು ಕರಪತ್ರವಾಗುತ್ತದೆ. ಹಳದಿ ಕಾಗದದ ಮೇಲೆ ಕಪ್ಪಕ್ಷರ ದೀಪದ ಬೆಳಕಿನಲ್ಲೂ ಕಾಣುತ್ತದೆ. ನನ್ನ ತಂಗಿ ಬರೆದ ಎತ್ತಿನ ಚಿತ್ರವೊಂದನ್ನು ಮೂಲೆಯಲ್ಲಿ ಹಾಕಿದೆವು.

ಪರೀಕ್ಷೆ

ಅಚ್ಚಿಗೆ ಕೊಡುವ ಮೊದಲು ಕರಪತ್ರವನ್ನು ಪರೀಕ್ಷಿಸುವ ಒಂದು ಸುಲಭ ವಿಧಾನವನ್ನು ಕಂಡುಕೊಂಡೆವು. ಐದನೆಯ ತರಗತಿಯ ಮಗುವಿನ ಕೈಯಲ್ಲಿ ಕೊಟ್ಟು ಓದು ಬಾರದ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿಸಬೇಕು. ಮಗು ತಡವರಿಸಿದ ಮಾತಿನ ಕೆಳಗೆ ಗೆರೆ ಎಳೆಯಬೇಕು. ಓದಿ ಮುಗಿದ ಮೇಲೆ ಕಾಗದವನ್ನು ಮಡಿಸಿಟ್ಟು ಹಿರಿಯರನ್ನು ಕೇಳಬೇಕು: ಯಾರು ಹೋಗಬಹುದು? ದುಡ್ಡೆಷ್ಟು? ಯಾವತ್ತು, ಎಷ್ಟು ಹೊತ್ತಿಗೆ? ಯಾರು ನೋಡಿಕೊಳ್ಳುತ್ತಾರೆ? ಉತ್ತರ ತಪ್ಪಿದರೆ ತಪ್ಪು ಅವರದಲ್ಲ. ನನ್ನ ಕರಡಿನಲ್ಲಿ “ಪೋಷಕರ ಗಮನಕ್ಕೆ” ಎಂದಿತ್ತು. ಈ ಪರೀಕ್ಷೆಯ ಮೇಲೆ ಅದು “ತಂದೆ ತಾಯಿಯರೇ” ಆಯಿತು. “ಸಮಾರೋಪ ಸಮಾರಂಭ” ಎಂದಿತ್ತು. ಅದು “ಮಕ್ಕಳ ನಾಟಕ” ಆಯಿತು.

ಫಲ ಮತ್ತು ಒಂದು ಕೊರತೆ

ಎರಡನೆಯ ಕರಪತ್ರವನ್ನು ಹಂಚಿದ ಮೇಲೆ ಕೊನೆಯ ದಿನದೊಳಗೆ ಮೂವತ್ತೆಂಟು ಹೆಸರುಗಳು ಬಂದವು. ಎಲ್ಲವೂ ಕರಪತ್ರದ ಬಲದಿಂದಲೇ ಬಂದುವೆಂದು ಹೇಳಲಾರೆ. ನಾವು ಮನೆ ಮನೆಗೆ ಹೋಗಿ ಮಾತನಾಡಿದ್ದೂ ಅದರಲ್ಲಿ ಸೇರಿದೆ. ಬಾಗಿಲಿಂದ ಹಿಂದೆ ಕಳುಹಿಸಿದ್ದ ತಾಯಿಯೂ ತಮ್ಮ ಮಗನ ಹೆಸರನ್ನು ಬರೆಸಿದರು. ಕರಪತ್ರದಿಂದ ಆಗದ ಕೆಲಸವೂ ಉಂಟು. ದನ ಕಾಯಲು ಬೇರೆ ಯಾರೂ ಇಲ್ಲದ ಮನೆಗಳ ಮಕ್ಕಳು ಬರಲಿಲ್ಲ. ಏಳನೆಯ ತರಗತಿ ಮುಗಿಸಿದ ಹುಡುಗಿಯರು ನಾಲ್ವರೇ ಬಂದರು. ಎಷ್ಟೇ ತಿಳಿಯಾಗಿ ಬರೆದರೂ ಅಕ್ಷರವು ಆ ಮನೆಯ ಕೆಲಸವನ್ನು ಮಾಡಿಕೊಡಲಾರದು.

ನಾನು ಬಿಟ್ಟ ಸಾಲಿನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಬಸವ ಜಯಂತಿಯ ಸಂಜೆ ನಾಟಕ ಐದಕ್ಕೆ ಆರಂಭವಾಗಬೇಕಾದದ್ದು ಆರಕ್ಕೆ ಆರಂಭವಾಯಿತು. ದೂರದ ಎರಡು ಹಳ್ಳಿಗಳಿಗೆ ಕೊನೆಯ ಬಸ್ಸು ಆರೂವರೆಗೆ. ನಾಟಕ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಕರಪತ್ರದಲ್ಲಿ ನಾನು ಬರೆದಿರಲಿಲ್ಲ. ಬರೆದಿದ್ದರೆ ಆ ಬಸ್ಸಿನ ಯೋಚನೆ ನಮಗೇ ಮೊದಲು ಬರುತ್ತಿತ್ತು. ಚುಂಚನ ಪಾತ್ರ ಮಾಡಿದ ಹುಡುಗನ ತಂದೆ ಮೊದಲ ದೃಶ್ಯದ ಹೊಳೆ ಹಕ್ಕಿಗಳ ಕುಣಿತವನ್ನು ಮಾತ್ರ ನೋಡಿ, ಚಿಕ್ಕ ಮಗಳನ್ನು ಎತ್ತಿಕೊಂಡು ಬಸ್ಸಿಗೆ ಹೊರಟರು. ಮಗನನ್ನು ರಾತ್ರಿ ನಮ್ಮ ಗೆಳೆಯನೊಬ್ಬ ಬೈಕಿನಲ್ಲಿ ಮನೆಗೆ ಬಿಟ್ಟುಬಂದ. ಹುಡುಗ ಮುಖವಾಡವನ್ನು ತೆಗೆದಿರಲಿಲ್ಲವಂತೆ. ಅಪ್ಪನಿಗೆ ತೋರಿಸಬೇಕೆಂದು ಹಾಗೆಯೇ ಹಾಕಿಕೊಂಡು ಹೋದನಂತೆ.

ಮುಂದಿನ ಕರಪತ್ರದ ಕೊನೆಯ ಸಾಲನ್ನು ಈಗಲೇ ಬರೆದಿಟ್ಟಿದ್ದೇನೆ: “ನಾಟಕ ಮಧ್ಯಾಹ್ನ 3 ಗಂಟೆಗೆ, ಶಾಲೆಯ ಕೊಠಡಿಯೊಳಗೆ. 4 ಗಂಟೆಗೆ ಮುಗಿಯುತ್ತದೆ. ಎಲ್ಲ ಊರಿಗೂ ಬಸ್ಸು ಸಿಗುತ್ತದೆ.”